ರೆಸ್ಯೂಮ್: ರೇಣುಕಾ ಎಂ., ಇನ್ಶೂರೆನ್ಸ್ ಅಡ್ವೈಸರ್, ಬ್ಯಾಡಗಿ

ಅಪ್ಲೈ ಮಾಡ್ತಿರೋ ಪೋಸ್ಟ್: ಏಜೆನ್ಸಿ ಮ್ಯಾನೇಜರ್, ನಿಮ್ಮ ಹಾವೇರಿ ಬ್ರಾಂಚ್
ವಯಸ್ಸು: 38
ಊರು: ಬ್ಯಾಡಗಿ, ಹಾವೇರಿ ಜಿಲ್ಲೆ
ಫೋನ್: ಇದು ಬಂದಿರೋ ವಾಟ್ಸಾಪ್ ನಂಬರೇ ಸರ್, ಬೆಳಗ್ಗೆ 10ರ ಒಳಗೆ ಇಲ್ಲಾ ಸಂಜೆ 7ರ ಮೇಲೆ ಮಾಡಿ, ನಡುವೆ ಹಳ್ಳಿ ಕಡೆ ಇರ್ತೀನಿ, ನೆಟ್‌ವರ್ಕ್ ಸಿಗಲ್ಲ

ನನ್ನ ಬಗ್ಗೆ

ಸರ್, ಕನ್ನಡದಲ್ಲೇ ಬರೆದು ಕಳ್ಸಿ ಅಂದ್ರಿ, ಅದಕ್ಕೆ ಮಾತಾಡೋ ಹಾಗೇ ಬರ್ದಿದೀನಿ. 2015ರಿಂದ ಎಲ್ಐಸಿ ಏಜೆಂಟ್, ಅದಕ್ಕೂ ಮುಂಚೆ 5 ವರ್ಷ ಪಿಗ್ಮಿ ಕಲೆಕ್ಷನ್. ಪಾಲಿಸಿ ಮಾಡ್ಸೋರು ಬೇಕಾದಷ್ಟು ಜನ ಸಿಗ್ತಾರೆ, ಮಾಡ್ಸಿದ್ದು ಮೂರನೇ ವರ್ಷನೂ ನಡೀತಿರೋ ಹಾಗೆ ನೋಡ್ಕೊಳ್ಳೋರು ಕಮ್ಮಿ, ನಾನು ಆ ಎರಡನೇ ಕೆಲಸದಲ್ಲಿ ಗಟ್ಟಿ. ಕೆಳಗಿನ ಲೆಕ್ಕ ಎಲ್ಲಾ ಏಜೆಂಟ್ ಪೋರ್ಟಲ್‌ನಲ್ಲಿ ಇರೋದೇ, ಇಂಟರ್‌ವ್ಯೂಗೆ ಬಂದಾಗ ಲಾಗಿನ್ ಆಗಿ ತೋರಿಸ್ತೀನಿ.

ಎಲ್ಐಸಿ ಏಜೆಂಟ್, 2015ರಿಂದ ಇವತ್ತಿನವರೆಗೆ

ಇಲ್ಲಿವರೆಗೆ ಒಟ್ಟು 612 ಪಾಲಿಸಿ, ಸುಮಾರು 390 ಮನೆ. ಅದ್ರಲ್ಲಿ 498 ಈಗ್ಲೂ ನಡೀತಿವೆ, 37 ಮೆಚ್ಯೂರಿಟಿ ಇಲ್ಲಾ ಕ್ಲೇಮ್ ಆಗಿ ಮುಗಿದಿವೆ, ಉಳಿದ 77 ಲ್ಯಾಪ್ಸ್ ಇಲ್ಲಾ ಸರೆಂಡರ್. 13ನೇ ತಿಂಗಳ ಪರ್ಸಿಸ್ಟೆನ್ಸಿ 92%, 61ನೇ ತಿಂಗಳದ್ದು 74%.

ನಮ್ಮ ಡಿಓ ಸಾಹೇಬ್ರು ಕೊಟ್ಟ ಟಾರ್ಗೆಟ್, ನಾನು ಮಾಡಿದ್ದು:

2021-22: ಟಾರ್ಗೆಟ್ 60, ಮಾಡಿದ್ದು 71
2022-23: ಟಾರ್ಗೆಟ್ 60, ಮಾಡಿದ್ದು 68
2023-24: ಟಾರ್ಗೆಟ್ 72, ಮಾಡಿದ್ದು 64
2024-25: ಟಾರ್ಗೆಟ್ 72, ಮಾಡಿದ್ದು 77, ಮೊದಲ ವರ್ಷದ ಪ್ರೀಮಿಯಂ 17.4 ಲಕ್ಷ

2023-24ರಲ್ಲಿ ಕಮ್ಮಿ ಆಗಿದ್ದು ಯಾಕೆ ಅಂತ ಹೆಂಗೂ ಕೇಳ್ತೀರಿ. 2024ರ ಮಾರ್ಚ್‌ನಲ್ಲಿ ಇಲ್ಲಿ ಮೆಣಸಿನಕಾಯಿ ರೇಟ್ ಬಿದ್ದು ಎಪಿಎಂಸಿ ಹತ್ರ ಗಲಾಟೆ ಆಗಿ ಗಾಡಿ ಎಲ್ಲಾ ಸುಟ್ರಲ್ಲ, ಟಾರ್ಗೆಟ್ ಮುಗಿಸೋ ತಿಂಗಳೂ ಅದೇ, ರೈತರ ಮನೆಗೆ ಹೋಗಿ ಹೊಸ ಪಾಲಿಸಿ ಅಂತ ಬಾಯಿ ಬಿಡೋ ಪರಿಸ್ಥಿತಿ ಇರ್ಲಿಲ್ಲ. ಆ ತಿಂಗಳು ಹೊಸದು ಬಿಟ್ಟು ಹಳೇ ಕಂತು ಉಳಿಸ್ಕೊಳ್ಳೋದಷ್ಟೇ ಮಾಡ್ದೆ.

ಇಲ್ಲಿ ಸಂಬಳದೋರು ಕಮ್ಮಿ, ಕಾಯಿ ಮಾರಿದ ಮೇಲೇನೇ ದುಡ್ಡು ಓಡಾಡೋದು. "ಅಕ್ಕಾರ, ಕಾಯಿ ಮಾರಿ ರೊಕ್ಕ ಬರ್ಲಿ, ಆಮ್ಯಾಲೆ ಕಟ್ತೇನ್ರಿ" ಅನ್ನೋದು ವರ್ಷಾ ಕೇಳೋ ಮಾತು. ಅದಕ್ಕೆ ರೈತರ ಪಾಲಿಸಿ ಎಲ್ಲಾ ಆದಷ್ಟು ಫೆಬ್ರವರಿ ಮಾರ್ಚ್‌ನಲ್ಲೇ ಶುರು ಮಾಡಿಸ್ತೀನಿ, ವರ್ಷಕ್ಕೊಂದು ಕಂತು, ಅಂಗಡಿಯೋರಿಗೆ ಮಾತ್ರ ಮೂರು ತಿಂಗಳಿಗೊಂದು. ತಿಂಗಳ ಕಂತು ರೈತರಿಗೆ ಹಾಕ್ಸಲ್ಲ, ತಿಂಗಳಿನದಕ್ಕೆ ಗ್ರೇಸ್ 15 ದಿನ ಅಷ್ಟೇ, ವರ್ಷದ್ದಕ್ಕೆ 30 ದಿನ. ನನ್ನ ಪರ್ಸಿಸ್ಟೆನ್ಸಿ ನಿಂತಿರೋದು ಇದ್ರಿಂದ, ಇನ್ನೇನೂ ದೊಡ್ಡ ಗುಟ್ಟು ಇಲ್ಲ.

ಬಿಸಿನೆಸ್‌ನಲ್ಲಿ ಮುಕ್ಕಾಲು ಪಾಲು ಎಂಡೋಮೆಂಟ್ ಮತ್ತೆ ಮಕ್ಕಳ ಪಾಲಿಸಿ, ಉಳಿದದ್ದು ಪೆನ್ಷನ್ ಮತ್ತೆ ಟರ್ಮ್. ಟರ್ಮ್ ಮಾರೋದು ಈ ಕಡೆ ಕಷ್ಟ, ದುಡ್ಡು ವಾಪಸ್ ಬರಲ್ಲ ಅಂದ್ರೆ ಎದ್ದೇ ಹೋಗ್ತಾರೆ. ಆದ್ರೂ ಲೋನ್ ಇರೋ ಟ್ರಾಕ್ಟರ್ ಓನರ್‌ಗಳಿಗೆ ಲೋನ್ ಮೊತ್ತ ತೋರಿಸಿ ಮಾತಾಡಿ 41 ಟರ್ಮ್ ಪಾಲಿಸಿ ಮಾಡ್ಸಿದೀನಿ. 2025 ಸೆಪ್ಟೆಂಬರ್ 22ರಿಂದ ವೈಯಕ್ತಿಕ ಪಾಲಿಸಿಗೆ ಜಿಎಸ್‌ಟಿ ತೆಗೆದ ಮೇಲೆ, ಮೊದ್ಲು 18% ಟ್ಯಾಕ್ಸ್ ನೋಡಿ ಬೇಡ ಅಂದಿದ್ದೋರ ಲಿಸ್ಟ್ ತೆಗೆದು ಮತ್ತೆ ಫೋನ್ ಮಾಡ್ದೆ, ಅದ್ರಲ್ಲಿ 9 ಜನ ಮಾಡ್ಸಿದ್ರು.

ಪ್ರಪೋಸಲ್ ಎಲ್ಲಾ ಆನಂದ ಆಪ್‌ನಲ್ಲೇ ಮಾಡ್ತೀನಿ, ಪೇಪರ್ ಫಾರಂ ಅಪರೂಪ.

ರೂಲ್ಸ್ ವಿಷಯ

ಇಲ್ಲಿವರೆಗೆ ನನ್ನ ಕೋಡ್ ಮೇಲೆ ಒಂದೂ ಕಂಪ್ಲೇಂಟ್ ಇಲ್ಲ, ಮಿಸ್‌ಸೆಲ್ಲಿಂಗ್ ಅಂತ ಒಂದೂ ಪಾಲಿಸಿ ಕ್ಯಾನ್ಸಲ್ ಆಗಿಲ್ಲ. ಬೆನಿಫಿಟ್ ಇಲಸ್ಟ್ರೇಷನ್‌ನಲ್ಲಿ 4% ಮತ್ತೆ 8% ಎರಡೂ ಕಾಲಂ ಇರೋ ಕಡೆ ಮೊದ್ಲು 4% ಮೇಲೆ ಬೆರಳಿಟ್ಟು ತೋರಿಸ್ತೀನಿ, ಆಮೇಲೆ 8%. ಬಾಂಡ್ ಕೈಗೆ ಬಂದ ದಿನಾನೇ ಫೋನ್ ಮಾಡಿ ಫ್ರೀ ಲುಕ್ 30 ದಿನ ಇದೆ, ಬೇಡ ಅನ್ಸಿದ್ರೆ ವಾಪಸ್ ಮಾಡಿ ಅಂತ ಹೇಳ್ತೀನಿ, ಇದನ್ನ ಹೇಳಿದ್ದಕ್ಕೆ ವಾಪಸ್ ಕೊಟ್ಟೋರು ಇಬ್ಬರು ಅಷ್ಟೇ.

ಮೊದಲ ಕಂತು ನೀವೇ ಕಟ್ರಿ ಅಂತ ಕೇಳೋ ಕಸ್ಟಮರ್ ಪ್ರತಿ ಊರಲ್ಲೂ ಇದಾರೆ, ಬೇರೆಯೋರು ಕಟ್ಟೂ ಕೊಡ್ತಾರೆ. ನಾನು ಕಟ್ಟಲ್ಲ. ಸೆಕ್ಷನ್ 41ರ ಪ್ರಕಾರ ರಿಬೇಟ್ ಕೊಟ್ರೆ 10 ಲಕ್ಷದವರೆಗೆ ದಂಡ ಇದೆ ಅನ್ನೋದು ಒಂದು ಕಾರಣ, ಇನ್ನೊಂದು ಏನಂದ್ರೆ ಪುಕ್ಕಟೆ ಶುರುವಾದ ಪಾಲಿಸಿಗೆ ಎರಡನೇ ಕಂತು ಯಾರೂ ಕಟ್ಟಲ್ಲ. ಹಿಂಗೆ ಕೈಬಿಟ್ಟು ಹೋದ ಬಿಸಿನೆಸ್ ಇದೆ, ಇಲ್ಲ ಅನ್ನಲ್ಲ.

ಪ್ರಪೋಸಲ್‌ನಲ್ಲಿ ಹೆಲ್ತ್ ಪ್ರಶ್ನೆ ನಾನೇ ಓದಿ ಹೇಳಿ, ಅವರು ಹೇಳಿದ್ದನ್ನೇ ತುಂಬ್ತೀನಿ. ಒಬ್ರು ಖಾನಾವಳಿ ನಡೆಸೋರು, ಶುಗರ್ ಮಾತ್ರೆ ಕಪಾಟಲ್ಲೇ ಇಟ್ಕೊಂಡು "ಇದನ್ನ ಬರೀಬ್ಯಾಡ್ರಿ" ಅಂದ್ರು, ಬರೀದೆ ಇದ್ರೆ ನಾನು ಎದ್ದು ಹೋಗ್ತೀನಿ ಅಂದೆ. ಪ್ರೀಮಿಯಂ ಸ್ವಲ್ಪ ಜಾಸ್ತಿ ಬಂತು, ಬೈದ್ರು. 19 ತಿಂಗಳಿಗೆ ಹಾರ್ಟ್ ಅಟ್ಯಾಕ್ ಆಗಿ ತೀರ್ಕೊಂಡ್ರು, ಮೂರು ವರ್ಷದ ಒಳಗಿನ ಕ್ಲೇಮ್ ಅಂತ ವಿಚಾರಣೆ ಆಯ್ತು, ಆಸ್ಪತ್ರೆ ಪೇಪರ್‌ನಲ್ಲಿ ಇದ್ದದ್ದೇ ಪ್ರಪೋಸಲ್‌ನಲ್ಲೂ ಇತ್ತು, ಪೂರ್ತಿ ದುಡ್ಡು ಹೆಂಡ್ತಿ ಅಕೌಂಟಿಗೆ ಬಂತು. ಇಲ್ಲಿವರೆಗೆ 14 ಡೆತ್ ಕ್ಲೇಮ್ ಮಾಡ್ಸಿದೀನಿ, ಫಾರಂ 3783 ತುಂಬೋದ್ರಿಂದ ನಾಮಿನಿ ಬ್ಯಾಂಕ್ ಡೀಟೇಲ್ಸ್ ತನಕ ನಾನೇ ಓಡಾಡಿ, ಒಂದೂ ರಿಜೆಕ್ಟ್ ಆಗಿಲ್ಲ.

ಟೀಮ್ ಕೆಲಸ

2024 ಡಿಸೆಂಬರ್‌ನಲ್ಲಿ ಬಿಮಾ ಸಖಿ ಸ್ಕೀಮ್ ಬಂದ ಮೇಲೆ ನಮ್ಮ ಕಡೆಯ 6 ಹೆಣ್ಮಕ್ಕಳನ್ನ ಐಸಿ-38 ಪರೀಕ್ಷೆಗೆ ರೆಡಿ ಮಾಡ್ದೆ, ರಾತ್ರಿ ಎಂಟಕ್ಕೆ ನಮ್ಮನೆ ಪಡಸಾಲೇಲೇ ಕ್ಲಾಸು. 5 ಜನ ಪಾಸ್, 4 ಜನ ಈಗ್ಲೂ ಕೆಲಸ ಮಾಡ್ತಿದಾರೆ. ಅಫಿಷಿಯಲ್ ಆಗಿ ಇದು ನನ್ನ ಕೆಲಸ ಆಗಿರ್ಲಿಲ್ಲ, ಆದ್ರೆ ಏಜೆನ್ಸಿ ಮ್ಯಾನೇಜರ್ ಪೋಸ್ಟಿಗೆ ಅಪ್ಲೈ ಮಾಡೋ ಧೈರ್ಯ ಬಂದಿದ್ದೇ ಇಲ್ಲಿಂದ.

ಪಿಗ್ಮಿ ಏಜೆಂಟ್, 2010ರಿಂದ 2015

ಬ್ಯಾಡಗಿಯ ಒಂದು ಸೌಹಾರ್ದ ಸೊಸೈಟಿ. 180 ಖಾತೆ, ದಿನಾ ಅಂಗಡಿ ಅಂಗಡಿ ತಿರುಗಿ ಕಲೆಕ್ಷನ್, ಸಂಜೆ ಕ್ಯಾಶ್ ಕಟ್ಟೋದು. 5 ವರ್ಷದಲ್ಲಿ ಲೆಕ್ಕ ಒಂದು ದಿನಾನೂ ಕಮ್ಮಿ ಬಿದ್ದಿಲ್ಲ. ನನ್ನ ಮೊದಲ 50 ಪಾಲಿಸಿ ಮಾಡ್ಸಿದ್ದು ಈ ಅಂಗಡಿಯೋರೇ.

ಓದು, ಭಾಷೆ, ಇತರೆ

ಬಿ.ಕಾಂ., ಕರ್ನಾಟಕ ವಿಶ್ವವಿದ್ಯಾಲಯ ಧಾರವಾಡ, 2008. ಏಜೆಂಟ್ ಪರೀಕ್ಷೆ ಪಾಸ್, 2015. ಕನ್ನಡ ಮನೆ ಮಾತು, ಹಿಂದಿ ವ್ಯವಹಾರಕ್ಕೆ ಸಾಕು, ಇಂಗ್ಲಿಷ್ ಓದಿ ಅರ್ಥ ಆಗುತ್ತೆ, ಮಾತಾಡೋದು ನಿಧಾನ. ಎಕ್ಸೆಲ್‌ನಲ್ಲಿ ಕಂತಿನ ಲಿಸ್ಟ್ ನಾನೇ ಮಾಡ್ಕೋತೀನಿ. ಸ್ವಂತ ಸ್ಕೂಟಿ, ಲೈಸೆನ್ಸ್ ಇದೆ.

ಸೇರೋ ವಿಷಯ

ಆಫರ್ ಲೆಟರ್ ಬಂದ ಮೇಲೆ ಈಗಿನ ಏಜೆನ್ಸಿ ಬಿಟ್ಟು ಸೆಸೇಷನ್ ಸರ್ಟಿಫಿಕೇಟ್ ತಗೊಂಡೇ ಸೇರ್ತೀನಿ, ಎರಡೂ ಕಡೆ ಕಾಲಿಡಲ್ಲ. ಒಂದು ಮಾತು ಮುಂಚೆನೇ ಹೇಳಿಬಿಡ್ತೀನಿ, ಈಗಿನ ಕಸ್ಟಮರ್‌ಗಳ ಪಾಲಿಸಿ ಸರೆಂಡರ್ ಮಾಡ್ಸಿ ನಿಮ್ಮಲ್ಲಿ ಹೊಸದು ಮಾಡ್ಸೋದು ನನ್ನಿಂದ ಆಗಲ್ಲ, ಅವರಿಗೆ ಅದ್ರಲ್ಲಿ ಲಾಸು. ಹೊಸ ಏಜೆಂಟರನ್ನ ಹುಡುಕಿ, ಕಲಿಸಿ, ಬಿಸಿನೆಸ್ ಕಟ್ಟಿಕೊಡ್ತೀನಿ, ಮೊದಲ ವರ್ಷಕ್ಕೆ 15 ಜನ ಅಂತ ಅಂದಾಜು ಇದೆ. ಸಂಬಳ ತಿಂಗಳಿಗೆ 32 ಸಾವಿರ ಮತ್ತೆ ಪೆಟ್ರೋಲ್ ಖರ್ಚು ನಿರೀಕ್ಷೆ. ಬ್ಯಾಡಗಿ, ಹಾವೇರಿ, ರಾಣೆಬೆನ್ನೂರು ಮೂರೂ ಕಡೆ ಓಡಾಡೋಕೆ ರೆಡಿ, ಫೆಬ್ರವರಿ ಮಾರ್ಚ್‌ನಲ್ಲಿ ಮಾತ್ರ ಟ್ರೈನಿಂಗ್ ಅಂತ ಬೆಂಗಳೂರಿಗೆ ಕಳಿಸ್ಬೇಡಿ, ಇಲ್ಲಿ ಸೀಸನ್ ಅದೇ.