ಮುಂದಿನ ಸ್ಟಾಪ್
ಅವನು ದಿನಾ ಎಂಟೂವರೆ ಬಸ್ಸಿಗೆ ಹತ್ತೋದು, ಹಿಂದಿನ ಬಾಗಿಲ ಹತ್ರದ ಸೀಟೇ ಬೇಕು ಅವನಿಗೆ, ಯಾಕಂದ್ರೆ ಅಲ್ಲಿ ಕೂತ್ರೆ ಯಾರ ಜೊತೆನೂ ಮಾತಾಡ್ಬೇಕಾಗಿಲ್ಲ. ಮಾತಾಡೋಕೆ ಹೋದ್ರೆ ಮೊದಲನೇ ಅಕ್ಷರದಲ್ಲೇ ನಾಲಿಗೆ ಸಿಕ್ಕಿಹಾಕ್ಕೊಳುತ್ತೆ.

ಎರಡು ಸ್ಟಾಪ್ ಆದ್ಮೇಲೆ ಅವಳು ಹತ್ತೋಳು. ಕಂಬಿ ಹಿಡ್ಕೊಂಡು ನಿಂತ್ಕೊಂಡು, ಒಂದು ಕ್ಷಣ ಅವನ ಕಡೆ ನೋಡಿ ಕಣ್ಣು ಇಳಿಸೋಳು. ಆಮೇಲೆ ಮತ್ತೆ ಮತ್ತೆ. ಅವನ ಸ್ಟಾಪ್ ಹತ್ರ ಬಂದಷ್ಟೂ ಆ ನೋಟ ಜಾಸ್ತಿ ಆಗೋದು. ನಾನು ಇಳಿದು ಹೋಗೋದು ಇವಳಿಗೆ ಬೇಜಾರು ಅಂತ ಅವನು ಅಂದ್ಕೊಂಡ. ಪಾಪ, ಬೇರೆ ಏನು ಅಂದ್ಕೋತಾನೆ, ಇಪ್ಪತ್ತೇಳು ವರ್ಷದಲ್ಲಿ ಅವನನ್ನ ಹಾಗೆ ಹುಡುಕಿ ನೋಡಿದೋರು ಯಾರೂ ಇರ್ಲಿಲ್ಲ.

ಅವಳಿಗೆ ಎಡಗಿವಿ ಪೂರ್ತಿ ಕೇಳಲ್ಲ, ಬಲಗಿವಿ ಅರೆಬರೆ. ಬಸ್ಸಿನ ಗಲಾಟೆಲಿ ಕಂಡಕ್ಟರ್ ಕೂಗೋದು ಅವಳಿಗೆ ಬರೀ ಗೊಂಯ್ ಅನ್ನೋ ಶಬ್ದ, ರಶ್ಶಲ್ಲಿ ನಿಂತ್ರೆ ಕಿಟಕಿನೂ ಕಾಣಲ್ಲ, ಯಾರನ್ನಾದ್ರೂ ಕೇಳೋಣ ಅಂದ್ರೆ ಅವರು ಹೇಳೋ ಉತ್ತರ ಕೇಳಿಸ್ಬೇಕಲ್ಲ, ಅದೇ ಸಂಕೋಚ. ಆ ನೀಲಿ ಬ್ಯಾಗಿನೋನು ಎದ್ದು ಇಳಿದ ಅಂದ್ರೆ ಅದರ ಮುಂದಿನದು ತನ್ನ ಸ್ಟಾಪ್. ಏಳುವಾಗ ಅವನು ತಿರುಗಿ ಒಂದ್ಸಲ ನೋಡ್ತಾನೆ ಬೇರೆ. ಇವರಿಗೆ ನನ್ನ ಕಿವಿ ವಿಷಯ ಗೊತ್ತಾಗಿದೆ, ಅದಕ್ಕೇ ಸೂಚನೆ ಕೊಡ್ತಾರೆ ಅಂತ ಅವಳು ನಂಬಿದ್ಲು. ಎಷ್ಟು ಒಳ್ಳೆಯವರು ಅಂತ ಮನೇಲೂ ಹೇಳಿದ್ಲು.

ಒಂದಿನ ಅವನು ಗಟ್ಟಿ ಮನಸ್ಸು ಮಾಡಿ ತನ್ನ ಸ್ಟಾಪಲ್ಲಿ ಇಳೀಲೇ ಇಲ್ಲ. ಅವಳು ಇಳಿದ ಕಡೆ ಇಳಿದು ಹೆಸರಾದ್ರೂ ಕೇಳೋಣ ಅಂತ. ಅವಳು ಅವನು ಏಳಲಿ ಅಂತ ಕಾಯ್ತಾ ನಿಂತಿದ್ದೇ ಬಂತು, ಅವಳ ಸ್ಟಾಪ್ ಹೋಯ್ತು, ಅದರ ಮುಂದಿನದೂ ಹೋಯ್ತು. ಜನ ಕಮ್ಮಿ ಆಗಿ ಕಿಟಕಿ ಕಂಡಾಗ ಗಾಬರಿಯಿಂದ ಅವನ್ನ ನೋಡಿ ದಡಬಡ ಇಳಿದುಬಿಟ್ಲು. ಅವನು ಹಿಂದೆ ಓಡಿ ಎಡಗಡೆಯಿಂದ "ಸ್...ಸ್ವಲ್ಪ ನಿಲ್ತೀರಾ" ಅಂದ. ಅವಳು ತಿರುಗ್ಲಿಲ್ಲ.

ಮಾರನೇ ದಿನ ಅವನು ತಲೆ ಎತ್ಲಿಲ್ಲ. ಅವಳೇ ಜನರನ್ನ ಸರಿಸ್ಕೊಂಡು ಬಂದು ಅವನ ಸೀಟಿನ ಪಕ್ಕ ನಿಂತು, ಸ್ವಲ್ಪ ಜೋರಾಗೇ ಕೇಳಿದ್ಲು:

"ನಿನ್ನೆ ಯಾಕ್ರೀ ಇಳೀಲಿಲ್ಲ? ನಿಮ್ಮನ್ನ ನೋಡ್ಕೊಂಡೇ ನಾನು ದಿನಾ ಇಳಿಯೋದು, ನನಗೆ ಕಿವಿ ಕೇಳಲ್ಲ ಅಂತ ನಿಮಗೆ ಗೊತ್ತಲ್ವಾ?"

ಗೊತ್ತಿರ್ಲಿಲ್ಲ. ಅದನ್ನ ಹೇಳೋಕೆ ಬಾಯಿ ತೆಗೆದೋನು ಅವಳ ಮುಖದಲ್ಲಿದ್ದ ನಂಬಿಕೆ ನೋಡಿ ನುಂಗ್ಕೊಂಡ. ಅವಳು ಬಲಗಿವಿನ ಅವನ ಕಡೆ ಬಗ್ಗಿಸಿ ಕಾಯ್ತಾ ಇದ್ಲು, ಅವನಿಗೆ ಮಾತು ಹೊರಡೋಕೆ ಹೊತ್ತಾಯ್ತು, ಅವಳು ಅಲ್ಲಾಡ್ಲಿಲ್ಲ.

"ನಾ...ನಾಳೆಯಿಂದ ಸರಿಯಾಗಿ ಇಳೀತೀನಿ ರೀ," ಅಂದ.