ಕುಂಚ ಇಲ್ಲ, ಬಣ್ಣ ಬಂತು! (ಮಕ್ಕಳ ವಾಹಿನಿಯ ಸ್ಕ್ರಿಪ್ಟ್)

ನೋಡುವವರು: 5ರಿಂದ 8 ವರ್ಷದ ಮಕ್ಕಳು
ಅವಧಿ: ಸುಮಾರು 7 ನಿಮಿಷ
ಜಾಗ: ಚನ್ನಪಟ್ಟಣದಲ್ಲಿ ಮನೆಗೆ ಸೇರಿದಂತೆಯೇ ಇರುವ ಒಂದು ಗೊಂಬೆ ಕಾರ್ಖಾನೆ
ಪಾತ್ರಗಳು: ಅಕ್ಕ (ನಿರೂಪಕಿ), ಗುಂಡ (ಬಟ್ಟೆಯ ಕೋತಿ, ಮಾತು ಆರು ವರ್ಷದ ಮಗುವಿನದು), ಅಜ್ಜಿ (ಗೊಂಬೆ ಕಡೆಯುವವರು)

ತಂಡಕ್ಕೆ: ಗೊಂಬೆ ತೋರಿಸುವ ಕಂತು ಅಂದಮೇಲೆ ಮಕ್ಕಳಿಗೆ ಆಸೆ ಆಗಿಯೇ ಆಗುತ್ತದೆ. ಆ ಆಸೆಯನ್ನು ನಾವು ಬಳಸಿಕೊಳ್ಳುವುದಿಲ್ಲ. ಬೆಲೆ, ಅಂಗಡಿ ಹೆಸರು, ‘ಅಪ್ಪ ಅಮ್ಮನ್ನ ಕೇಳಿ ತರಿಸ್ಕೊಳ್ಳಿ’ ಅನ್ನುವ ಮಾತು ಯಾವುದೂ ಬೇಡ. ಮಕ್ಕಳಿಗೆ ನೇರವಾಗಿ ‘ಕೊಳ್ಳಿ’ ಅನ್ನುವುದನ್ನೂ, ಹೆತ್ತವರನ್ನು ಪೀಡಿಸುವಂತೆ ಹುರಿದುಂಬಿಸುವುದನ್ನೂ ಜಾಹೀರಾತುದಾರರಿಗೇ 2022ರ ಕೇಂದ್ರ ಮಾರ್ಗಸೂಚಿ ತಡೆದಿದೆ. ನಮ್ಮದು ಜಾಹೀರಾತಲ್ಲ, ಆದರೂ ನಮಗೂ ಅದೇ ಗೆರೆ. ‘ಸಬ್‌ಸ್ಕ್ರೈಬ್ ಮಾಡಿ’ ಎಂದು ಮಕ್ಕಳ ಬಾಯಲ್ಲಿ ಹೇಳಿಸುವುದೂ ಬೇಡ.

ದೃಶ್ಯ 1: ಬಾಗಿಲು

(ಓಣಿ. ಒಳಗಿನಿಂದ ಯಂತ್ರದ ಸದ್ದು. ಅಕ್ಕನ ಹೆಗಲ ಮೇಲೆ ಗುಂಡ.)

ಅಕ್ಕ: ನಮಸ್ಕಾರ ಮಕ್ಕಳೇ! ನಾವೀಗ ಚನ್ನಪಟ್ಟಣದಲ್ಲಿದ್ದೀವಿ. ಬೆಂಗಳೂರಿಂದ ಮೈಸೂರಿಗೆ ರೈಲಲ್ಲಿ ಹೋಗ್ವಾಗ ನಡುವೆ ಸಿಗೋ ಊರು.

ಗುಂಡ: ಅಕ್ಕ, ಒಳಗೆ ಯಾರೋ ಗೊರಕೆ ಹೊಡೀತಾರೆ!

ಅಕ್ಕ: ಗೊರಕೆ ಅಲ್ವೋ, ಯಂತ್ರ. ಬಾ, ಅಜ್ಜಿನ ಕೇಳೋಣ. ಅಜ್ಜಿ, ಒಳಗೆ ಬರಬಹುದಾ?

ಅಜ್ಜಿ: ಬನ್ನಿ ಬನ್ನಿ. ಆ ಬಿಳಿ ಗೆರೆ ಇದ್ಯಲ್ಲ, ಅದರ ಆಚೆನೇ ನಿಂತ್ಕೊಳ್ಳಿ. ಮರದ ಚೂರು ಹಾರುತ್ತೆ, ಕಣ್ಣಿಗೆ ಬೀಳುತ್ತೆ.

(ನೆಲದ ಮೇಲಿನ ಸೀಮೆಸುಣ್ಣದ ಗೆರೆ ಹತ್ತಿರದಿಂದ ತೋರಿಸಿ. ಇಡೀ ಕಂತಿನಲ್ಲಿ ಯಾರೂ ಅದನ್ನು ದಾಟಬಾರದು, ಕ್ಯಾಮೆರಾದವರೂ ಸೇರಿ.)

ದೃಶ್ಯ 2: ಮರ

ಅಜ್ಜಿ: ಇದು ಹಾಲೆ ಮರ. ಹಸಿ ಕೊಂಬೆ ಕಡಿದ್ರೆ ಹಾಲಿನ ಥರ ಬರುತ್ತೆ. ಚೆನ್ನಾಗಿ ಒಣಗಿಸಿ ಆಮೇಲೆ ಕಡೀಬೇಕು, ಇಲ್ದಿದ್ರೆ ಬಿರುಕು ಬಿಡುತ್ತೆ. ಮೃದುವಾದ ಮರ, ಉಳಿಗೆ ಚೆನ್ನಾಗಿ ಬಗ್ಗುತ್ತೆ.

ಗುಂಡ: ಅಜ್ಜಿ, ನೀವು ಚಿಕ್ಕವರಿದ್ದಾಗ್ಲೂ ಈ ಯಂತ್ರ ಇತ್ತಾ?

ಅಜ್ಜಿ: ಇಲ್ಲಪ್ಪ. ನಮ್ಮಪ್ಪ ಕೈಯಲ್ಲೇ ತಿರುಗಿಸ್ತಿದ್ರು. ಬಿಲ್ಲಿನ ಹಗ್ಗ ಮರಕ್ಕೆ ಸುತ್ತಿ, ಒಂದ್ ಕೈಯಲ್ಲಿ ಬಿಲ್ಲು ಹಿಂದೆ ಮುಂದೆ ಎಳೆಯೋದು, ಇನ್ನೊಂದ್ ಕೈಯಲ್ಲಿ ಉಳಿ ಹಿಡಿಯೋದು. ಈಗ ಕರೆಂಟ್ ತಿರುಗಿಸುತ್ತೆ.

(ಅಜ್ಜಿ ಬಳೆ ತೆಗೆದಿಟ್ಟು, ಸೆರಗು ಸಿಕ್ಕಿಸಿಕೊಂಡು, ಬುಗುರಿ ಕಡೆಯುತ್ತಾರೆ. ಚೂರುಗಳು ಸುರುಳಿಯಾಗಿ ಬೀಳುತ್ತವೆ. ನಲವತ್ತು ಸೆಕೆಂಡ್ ಒಂದೇ ಶಾಟ್, ಮಾತಿಲ್ಲ, ಹಿನ್ನೆಲೆ ಸಂಗೀತವಿಲ್ಲ. ‘ಮಕ್ಕಳು ಬೇಜಾರಾಗ್ತಾರೆ’ ಎಂದು ಕತ್ತರಿಸಬೇಡಿ. ಮರದ ತುಂಡೊಂದು ಬುಗುರಿಯಾಗುವುದನ್ನು ಮಗು ಕಣ್ಣಾರೆ ನೋಡಬೇಕು, ಅದಕ್ಕೆ ಇಷ್ಟು ಹೊತ್ತು ಬೇಕು.)

ಗುಂಡ (ಮೆಲ್ಲಗೆ): ಬುಗುರಿ ಆಗೋಯ್ತು.

ದೃಶ್ಯ 3: ಬಣ್ಣ

ಗುಂಡ: ಈಗ ಬಣ್ಣ ಹಚ್ಚಬೇಕಲ್ವಾ? ಬ್ರಶ್ ಎಲ್ಲಿ?

ಅಜ್ಜಿ: ಬ್ರಶ್ ಇಲ್ಲ.

ಗುಂಡ: ಮತ್ತೆ ಹೆಂಗೆ?!

ಅಕ್ಕ: ಮಕ್ಕಳೇ, ಎರಡೂ ಅಂಗೈ ಸೇರಿಸಿ. ಜೋರಾಗಿ ಉಜ್ಜಿ. ಇನ್ನೂ, ಇನ್ನೂ! ಈಗ ಕೆನ್ನೆಗೆ ಇಟ್ಕೊಳ್ಳಿ.

(ಐದು ಸೆಕೆಂಡ್ ಬಿಡಿ. ಅಕ್ಕನೂ ನಿಜವಾಗಿ ಉಜ್ಜಬೇಕು.)

ಗುಂಡ: ಬಿಸಿ!

ಅಕ್ಕ: ಉಜ್ಜಿದ್ರೆ ಬಿಸಿಯಾಗುತ್ತೆ. ಇದನ್ನ ನೆನಪಿಟ್ಕೊಂಡು ಈಗ ಅಜ್ಜಿ ಕೈ ನೋಡು.

(ಅಜ್ಜಿ ಅರಗಿನ ಹಳದಿ ಕಡ್ಡಿಯನ್ನು ತಿರುಗುವ ಬುಗುರಿಗೆ ಒತ್ತಿ ಹಿಡಿಯುತ್ತಾರೆ. ಹಳದಿ ಪಟ್ಟಿ ಮೂಡುತ್ತದೆ.)

ಅಜ್ಜಿ: ಇದು ಅರಗು. ಅರಿಶಿನ ಸೇರಿದೆ, ಅದಕ್ಕೆ ಹಳದಿ. ಮರ ತಿರುಗುತ್ತೆ, ಕಡ್ಡಿ ಉಜ್ಜುತ್ತೆ, ಬಿಸಿಯಾಗುತ್ತೆ. ಬಿಸಿಗೆ ಅರಗು ಕರಗಿ ಮರಕ್ಕೆ ಹತ್ಕೊಳ್ಳುತ್ತೆ. ಆರಿದ ಮೇಲೆ ಗಟ್ಟಿ. ನನ್ನ ಕೈ ಅಲ್ಲಾಡಬಾರದು, ಅಷ್ಟೇ.

ಗುಂಡ: ಅರಗು ಎಲ್ಲಿಂದ ಬರುತ್ತೆ?

ಅಕ್ಕ: ಒಂದು ಹುಳದಿಂದ! ಹುಟ್ಟಿದಾಗ ಅದು ಸಾಸಿವೆ ಕಾಳಿಗಿಂತ ಚಿಕ್ಕದು. ಮುತ್ತುಗದ ಮರ, ಎಲಚಿ ಮರದ ಕೊಂಬೆ ಮೇಲೆ ಕೂತು ಮರದ ರಸ ಕುಡಿಯುತ್ತೆ. ಮೈಯಿಂದ ಅಂಟು ಬಿಟ್ಟು, ಅದರೊಳಗೇ ಇರುತ್ತೆ. ಜಾರ್ಖಂಡ್, ಛತ್ತೀಸ್‌ಗಢದ ಕಡೆ ಜನ ಆ ಕೊಂಬೆ ಕತ್ತರಿಸಿ, ಅರಗು ಕೆರೆದು ತೆಗೀತಾರೆ.

ಗುಂಡ: ಹುಳಕ್ಕೆ ಏನೂ ಆಗಲ್ವಾ?

ಅಕ್ಕ: ತುಂಬಾ ಹುಳ ಸಾಯ್ತವೆ, ಗುಂಡ. ಮರಿಗಳು ಇನ್ನೊಂದು ಕೊಂಬೆಗೆ ಹೋಗ್ಲಿ ಅಂತ ಸ್ವಲ್ಪ ಕೊಂಬೆ ಹಾಗೇ ಬಿಟ್ಟಿರ್ತಾರೆ.

ಗುಂಡ: ಹೂಂ... ಪಾಪ.

ಅಕ್ಕ: ಹೂಂ. ನಂಗೂ ಹಾಗೇ ಅನ್ಸುತ್ತೆ.

(ಈ ನಾಲ್ಕು ಮಾತು ತೆಗೆಯಬೇಡಿ. ಆರು ವರ್ಷದ ಮಗು ಈ ಪ್ರಶ್ನೆ ಕೇಳಿಯೇ ಕೇಳುತ್ತದೆ, ಅದಕ್ಕೆ ಸುಳ್ಳು ಹೇಳಬಾರದು.)

ಅಜ್ಜಿ: ಈಗ ಇದು ನೋಡಪ್ಪ. ಕೇದಗೆ ಗರಿ. ಬಣ್ಣದ ಮೇಲೆ ಇದನ್ನ ಹೀಗೆ ಒತ್ತಿ ಹಿಡಿದ್ರೆ...

(ಒಣ ಗರಿ ತಾಗುತ್ತಲೇ ಬುಗುರಿ ಮಿನುಗುತ್ತದೆ.)

ಗುಂಡ: ಅಯ್ಯೋ! ನನ್ನ ಮುಖ ಕಾಣ್ತಿದೆ!

ದೃಶ್ಯ 4: ‘ನಂಗೂ ಬೇಕು’

(ಯಂತ್ರ ನಿಂತಿದೆ. ಕಪಾಟಿನ ಗೊಂಬೆಗಳ ಮೇಲೆ ಕ್ಯಾಮೆರಾ ಓಡಿಸಬೇಡಿ. ಚೌಕಟ್ಟಿನಲ್ಲಿ ಈ ಒಂದೇ ಬುಗುರಿ.)

ಗುಂಡ: ಅಕ್ಕ, ನಂಗೂ ಬೇಕು ಇದು! ಬೇಕೇ ಬೇಕು!

ಅಕ್ಕ: ಚೆನ್ನಾಗಿರೋದು ಕಂಡ್ರೆ ಬೇಕು ಅನ್ಸುತ್ತೆ ಕಣೋ. ನಂಗೂ ಅನ್ಸ್ತು. ಆದ್ರೆ ಇವತ್ತು ನಾವು ಬಂದಿದ್ದು ಹೆಂಗ್ ಮಾಡ್ತಾರೆ ಅಂತ ನೋಡೋಕೆ.

ಗುಂಡ: ಸ್ವಲ್ಪ ಹೊತ್ತು ಆಡ್ಲಾ? ಆಮೇಲೆ ಕೊಟ್ಬಿಡ್ತೀನಿ.

ಅಜ್ಜಿ: ಆಡಪ್ಪ. ತಗೋ.

(ಗುಂಡ ಬುಗುರಿ ತಿರುಗಿಸುತ್ತಾನೆ. ಅದು ಓಲಾಡಿ ಬೀಳುವವರೆಗೂ ನೋಡಿ, ಎತ್ತಿ ಅಜ್ಜಿಯ ಕೈಗೆ ಕೊಡುತ್ತಾನೆ. ಅವನ ದನಿ ಇಲ್ಲಿ ಅಳುಮೋರೆ ಆಗಬಾರದು. ಆಟ ಆಡಿದ ಖುಷಿಯೇ ಇರಲಿ.)

ಗುಂಡ: ತಗೊಳ್ಳಿ ಅಜ್ಜಿ. ತುಂಬಾ ಹೊತ್ತು ತಿರುಗ್ತು!

ದೃಶ್ಯ 5: ಮನೆಯಲ್ಲಿ

(ಅಕ್ಕನ ಮನೆಯ ಜಗಲಿ.)

ಅಕ್ಕ: ಅಜ್ಜಿ ಕಡ್ಡಿ ಹಿಡಿದಿದ್ದು ನೆನಪಿದ್ಯಾ? ಕೈ ಸುಮ್ಮನಿತ್ತು, ಮರ ತಿರುಗ್ತಿತ್ತು. ನಾವೂ ಹಾಗೇ ಮಾಡೋಣ. ಏನೂ ತರೋದು ಬೇಡ, ಮನೇಲಿ ಇರೋದೇ ಸಾಕು. ಹಳೇ ಲಗ್ನಪತ್ರಿಕೆ, ಮೋಟು ಪೆನ್ಸಿಲ್, ಒಂದು ಸ್ಕೆಚ್ ಪೆನ್.

ಗುಂಡ: ಲಗ್ನಪತ್ರಿಕೆ ಇಲ್ದಿದ್ರೆ?

ಅಕ್ಕ: ದಪ್ಪ ರಟ್ಟು ಯಾವುದಾದ್ರೂ ಆಗುತ್ತೆ. ಲೋಟ ಇಟ್ಟು ಸುತ್ತ ಗೆರೆ ಎಳೀರಿ, ದುಂಡಗೆ ಕತ್ತರಿಸಿ. ಮಧ್ಯದಲ್ಲಿ ತೂತು ಮಾಡೋಕೆ ದೊಡ್ಡವರನ್ನ ಕರೀರಿ, ಅದು ಅವರ ಕೆಲಸ. ತೂತಿನಲ್ಲಿ ಪೆನ್ಸಿಲ್ ಬಿಗಿಯಾಗಿ ತೂರಿಸಿ.

ಗುಂಡ: ನಾನು ಪೆನ್ಸಿಲ್ ತಿರುಗಿಸ್ತೀನಿ!

ಅಕ್ಕ: ನೀನು ತಿರುಗಿಸು, ನಾನು ಸ್ಕೆಚ್ ಪೆನ್ ರಟ್ಟಿಗೆ ಮೆಲ್ಲಗೆ ತಾಗಿಸ್ತೀನಿ. ಕೈ ಅಲ್ಲಾಡಿಸಲ್ಲ...

(ರಟ್ಟಿನ ಮೇಲೆ ನೀಲಿ ಉಂಗುರ ಮೂಡುತ್ತದೆ. ಮೊದಲ ಉಂಗುರ ಸೊಟ್ಟಗಾದರೂ ಅದನ್ನೇ ಇಟ್ಟುಕೊಳ್ಳಿ, ಮರುಚಿತ್ರೀಕರಣ ಬೇಡ.)

ಗುಂಡ: ಸೊಟ್ಟ ಆಯ್ತು! ನನ್ನ ಸರದಿ, ನನ್ನ ಸರದಿ!

ಅಕ್ಕ: ತಗೋ. ಮಕ್ಕಳೇ, ಇವತ್ತಿಗೆ ಇಷ್ಟೇ. ಟೀವಿ, ಫೋನು ಆರಿಸಿ, ರಟ್ಟು ಹುಡುಕೋಕೆ ಹೋಗಿ. ಬರ್ತೀವಿ!

(ಪರದೆ ಮೇಲೆ ದೊಡ್ಡವರಿಗಾಗಿ ಎಂಟು ಸೆಕೆಂಡ್, ಸಂಗೀತವಿಲ್ಲದೆ:)

ಈ ಕಂತಿಗೆ ಯಾರಿಂದಲೂ ಜಾಹೀರಾತಿನ ಹಣವನ್ನಾಗಲಿ, ಉಚಿತ ಗೊಂಬೆಗಳನ್ನಾಗಲಿ ಪಡೆದಿಲ್ಲ. ಚಿತ್ರೀಕರಣದ ದಿನ ಅಜ್ಜಿಯ ಕೆಲಸ ನಿಂತಿದ್ದಕ್ಕೆ ಅವರ ದಿನಗೂಲಿ ಕೊಟ್ಟಿದ್ದೇವೆ. ರಟ್ಟಿಗೆ ತೂತು ಮಾಡುವಾಗ ಮಗುವಿನ ಜೊತೆ ಇರಿ.