ವಿಷಯ: ಕಟ್ಟಡ ಸಾಮಗ್ರಿ ವಿಜ್ಞಾನದ ಎಂ.ಎಸ್ಸಿ., 2026ರ ಪ್ರವೇಶ – ಅರ್ಜಿ ಪತ್ರ ಮತ್ತು ಸ್ವವಿವರ

ಮಾನ್ಯ ಪ್ರಾಧ್ಯಾಪಕರಿಗೆ ನಮಸ್ಕಾರಗಳು.

ಸುಟ್ಟ ಜೇಡಿಮಣ್ಣಿನ ಸಿಮೆಂಟ್ ಕುರಿತು ನೀವು ನೀಡಿದ ಆನ್‌ಲೈನ್ ಉಪನ್ಯಾಸದ ಕೊನೆಯಲ್ಲಿ, ಕಯೊಲಿನೈಟ್ ಕಡಿಮೆಯಿರುವ ಮಣ್ಣನ್ನು ಏನು ಮಾಡುವುದು ಎಂದು ಕೇಳಿದ್ದವಳು ನಾನು. ಅದಕ್ಕೆ ಉತ್ತರಿಸಿದ ಮೇಲೆ, ಪತ್ರ ಬರೆಯುವುದಾದರೆ ಕನ್ನಡದಲ್ಲೇ ಬರೆಯಬಹುದೆಂದು ನೀವು ಹೇಳಿದ್ದಿರಿ. ಆ ಸಲುಗೆಯಿಂದ ಹೀಗೆ ಬರೆಯುತ್ತಿದ್ದೇನೆ. ನಿಮ್ಮ ವಿಭಾಗದ ಎರಡು ವರ್ಷಗಳ ಎಂ.ಎಸ್ಸಿ.ಗೆ ಅರ್ಜಿ ಸಲ್ಲಿಸಿದ್ದೇನೆ. ಪ್ರವೇಶ ಕಚೇರಿ ಕೇಳಿದ ದಾಖಲೆಗಳೆಲ್ಲ ಇಂಗ್ಲಿಷ್‌ನಲ್ಲಿ ಪೋರ್ಟಲ್ ಸೇರಿವೆ. ನಿಮ್ಮ ಅನುಕೂಲಕ್ಕಾಗಿ ಸ್ವವಿವರವನ್ನು ಈ ಪತ್ರದ ಕೆಳಗೆ ಕೊಟ್ಟಿದ್ದೇನೆ.

ಸಿವಿಲ್ ಎಂಜಿನಿಯರಿಂಗ್ ಪದವಿಯ ಕೊನೆಯ ವರ್ಷದಲ್ಲಿ ನಾನು ಕೈಗೆತ್ತಿಕೊಂಡದ್ದು ಎಲ್‌ಸಿ3 ಸಿಮೆಂಟ್: ಕ್ಲಿಂಕರ್ ಶೇ. 50, ಸುಟ್ಟ ಜೇಡಿಮಣ್ಣು ಶೇ. 30, ಸುಣ್ಣಕಲ್ಲು ಶೇ. 15, ಜಿಪ್ಸಂ ಶೇ. 5. ಕ್ಲಿಂಕರ್ ತಯಾರಾಗಲು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಮೇಲಾಗಿ ಸುಣ್ಣಕಲ್ಲು ಆ ಶಾಖಕ್ಕೆ ವಿಭಜನೆಯಾಗುವಾಗಲೇ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಜೇಡಿಮಣ್ಣಿಗಾದರೆ 700ರಿಂದ 850 ಡಿಗ್ರಿ ಸಾಕು. ಇದೆಲ್ಲ ನಿಮಗೆ ಹೇಳಬೇಕಾದ ವಿಷಯವಲ್ಲ. ನನ್ನ ಮೊದಲ ಕಂತಿನ ಘನಗಳು ಏಕೆ ಸೋತವೆಂಬುದನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನನ್ನ ಅಂಕಪಟ್ಟಿಯಲ್ಲಿ ಅದು ಕಾಣುವುದಿಲ್ಲ.

28 ದಿನಗಳ ಸಂಪೀಡನ ಸಾಮರ್ಥ್ಯ 23 ಮೆಗಾಪಾಸ್ಕಲ್ ಬಂದಿತು. ಸಾಮಾನ್ಯ ಸಿಮೆಂಟಿನ ಘನಗಳು 44 ಕೊಟ್ಟಿದ್ದವು. ಮಣ್ಣು ಸರಿಯಿಲ್ಲ ಎಂದು ತೀರ್ಮಾನಿಸಿ ವರದಿಯ ಕರಡನ್ನೂ ಬರೆದುಬಿಟ್ಟಿದ್ದೆ. ಆದರೆ ಸುಟ್ಟ ಮಣ್ಣಿನ ಉಂಡೆಗಳನ್ನು ಒರಳಿನಲ್ಲಿ ಕುಟ್ಟುವಾಗ ಅವು ಹೆಂಚಿನ ಚೂರುಗಳಂತೆ ಗಡಸಾಗಿದ್ದದ್ದು ಮನಸ್ಸಿನಲ್ಲಿ ಕೊರೆಯುತ್ತಲೇ ಇತ್ತು. ಬೇರೆ ಪ್ರಯೋಗಾಲಯದಿಂದ ಥರ್ಮೋಕಪಲ್ ಒಂದನ್ನು ಎರವಲು ತಂದು ಕುಲುಮೆಯೊಳಗೆ ಇಟ್ಟು ನೋಡಿದೆ. ಕುಲುಮೆಯ ಫಲಕ 800 ಎನ್ನುತ್ತಿದ್ದಾಗ ಒಳಗೆ 950ರ ಆಸುಪಾಸಿನಲ್ಲಿತ್ತು. ಅಷ್ಟು ಶಾಖಕ್ಕೆ ಮೆಟಾಕಯೊಲಿನ್ ಮತ್ತೆ ಸ್ಫಟಿಕವಾಗತೊಡಗಿ ತನ್ನ ಚುರುಕನ್ನು ಕಳೆದುಕೊಳ್ಳುತ್ತದೆ. ನಾನು ಬೆರೆಸಿದ್ದು ಬಹುಪಾಲು ಸತ್ತ ಪುಡಿಯನ್ನು! ಮಣ್ಣಿನ ಮೇಲೆ ಹೊರಿಸಿದ್ದ ಅಪವಾದವನ್ನು ಹಿಂತೆಗೆದುಕೊಂಡು, ಅದೇ ಮಣ್ಣನ್ನು ನಿಜವಾದ 800 ಡಿಗ್ರಿಯಲ್ಲಿ ಸುಟ್ಟು ಎರಡನೆಯ ಕಂತನ್ನು ಹಾಕಿದೆ. ಈ ಬಾರಿ 41 ಬಂದಿತು. ಪ್ರತಿ ವಯಸ್ಸಿಗೆ ಮೂರೇ ಘನಗಳನ್ನು ಒಡೆದಿದ್ದರಿಂದ 41ಕ್ಕೂ 44ಕ್ಕೂ ನಡುವಿನ ಅಂತರದ ಮೇಲೆ ನಾನು ಯಾವ ವಾದವನ್ನೂ ಕಟ್ಟಲಾರೆ.

ಆ ಮಣ್ಣಿನಲ್ಲಿ ಕಯೊಲಿನೈಟ್ ಎಷ್ಟಿದೆ ಎಂದು ತಿಳಿಯಲು ನಮ್ಮಲ್ಲಿ ಟಿಜಿಎ ಯಂತ್ರ ಇರಲಿಲ್ಲ. ಶುದ್ಧ ಕಯೊಲಿನೈಟ್ ಬಿಸಿಯಾದಾಗ ತನ್ನ ತೂಕದ ಸುಮಾರು ಶೇ. 14ರಷ್ಟನ್ನು ನೀರಾಗಿ ಬಿಟ್ಟುಕೊಡುತ್ತದೆ ಎಂಬ ಒಂದೇ ಎಳೆಯನ್ನು ಹಿಡಿದು, 400 ಮತ್ತು 600 ಡಿಗ್ರಿಗಳ ನಡುವೆ ಕಳೆದ ತೂಕವನ್ನು ತಕ್ಕಡಿಯಲ್ಲಿ ಅಳೆದೆ. ತಿದ್ದಿದ ಕುಲುಮೆಯಲ್ಲಿ ಶೇ. 7.1 ಬಂದಿತು, ಅಂದರೆ ಸುಮಾರು ಅರ್ಧಪಾಲು ಕಯೊಲಿನೈಟ್. ಆಮೇಲೆ ಇನ್ನೊಂದು ಸಂಸ್ಥೆ ಅದೇ ಮಾದರಿಗೆ ಟಿಜಿಎ ಮಾಡಿಕೊಟ್ಟಾಗ ಶೇ. 47 ಎಂದಿತು. ಹೆಚ್ಚುವರಿ ತೂಕ ಇತರ ಜೇಡಿ ಖನಿಜಗಳಿಂದ ಹೋಗಿರಬಹುದು. ಖಚಿತಪಡಿಸಿಕೊಳ್ಳಲು ಎಕ್ಸ್-ರೇ ವಿವರ್ತನೆ ಬೇಕಿತ್ತು, ಅದಕ್ಕೆ ಅವಕಾಶ ಸಿಗಲಿಲ್ಲ.

ಉಳಿದ ಪ್ರಶ್ನೆಯೇ ನನ್ನನ್ನು ನಿಮ್ಮ ವಿಭಾಗದ ಕಡೆಗೆ ತಂದಿದೆ. ನನ್ನ ಗಾರೆ ಕಲಸಿದ ತಕ್ಷಣ ಚೆನ್ನಾಗಿಯೇ ಹರಿಯುತ್ತಿತ್ತು, ಅರ್ಧ ಗಂಟೆಯೊಳಗೆ ಬಿಗಿದುಕೊಳ್ಳುತ್ತಿತ್ತು. ಪಾಲಿಕಾರ್ಬಾಕ್ಸಿಲೇಟ್ ಹೆಚ್ಚಿಸಿದರೆ ಮೊದಲ ಹರಿವು ಏರುತ್ತಿತ್ತೇ ಹೊರತು ಅರ್ಧ ಗಂಟೆಯ ನಂತರದ ಸ್ಥಿತಿ ಅಷ್ಟಾಗಿ ಸುಧಾರಿಸಲಿಲ್ಲ. ಸುಟ್ಟ ಮಣ್ಣಿನ ಕಣಗಳು ಆ ದ್ರವ್ಯವನ್ನು ತಮ್ಮ ಮೈಗೆ ಅಂಟಿಸಿಕೊಳ್ಳುವುದರಿಂದಲೋ, ಬೇಗ ಹುಟ್ಟುವ ಹೊಸ ಸಂಯುಕ್ತಗಳು ಅದನ್ನು ಹೂತುಹಾಕುವುದರಿಂದಲೋ? ಹರಿವಿನ ಮೇಜೊಂದರಿಂದ ಇವೆರಡನ್ನು ಬೇರ್ಪಡಿಸಲು ಬರುವುದಿಲ್ಲ. ರಿಯಾಲಜಿ ಮತ್ತು ಕ್ಯಾಲೊರಿಮೆಟ್ರಿಗಳನ್ನು ಒಂದೇ ಮಾದರಿಯ ಮೇಲೆ ಜೊತೆಯಾಗಿ ನಡೆಸುವ ನಿಮ್ಮ ಪ್ರಯೋಗಾಲಯದ ಕ್ರಮವನ್ನು ಉಪನ್ಯಾಸದಲ್ಲಿ ಕಂಡಾಗ, ನಾನು ಕಲಿಯಬೇಕಾದದ್ದು ಇದೇ ಎನಿಸಿತು. ಪ್ರಬಂಧದ ವಿಷಯವಾಗಿ ಇದನ್ನೇ ಕೊಡಬೇಕೆಂದು ಹಟವಿಲ್ಲ. ನಿಮ್ಮಲ್ಲಿ ಈಗಾಗಲೇ ನಡೆಯುತ್ತಿರುವ ಕೆಲಸದ ಒಂದು ತುಣುಕು ಸಿಕ್ಕರೂ ಸಂತೋಷ.

ಎರಡನೆಯ ವರ್ಷದ ಗಣಿತದಲ್ಲಿ ನನಗೆ ಕಡಿಮೆ ಅಂಕಗಳು ಬಂದಿವೆ. ನೀವೇ ಗಮನಿಸುವ ಮುನ್ನ ಹೇಳಿಬಿಡುತ್ತೇನೆ. ಕಾರಣಗಳನ್ನು ಹೇಳಿ ನಿಮ್ಮ ಸಮಯ ತೆಗೆದುಕೊಳ್ಳುವುದಿಲ್ಲ. ಮುಂದಿನ ವರ್ಷ ಸಂಖ್ಯಾಶಾಸ್ತ್ರ ಮತ್ತು ಸಂಖ್ಯಾತ್ಮಕ ವಿಧಾನಗಳನ್ನು ಐಚ್ಛಿಕವಾಗಿ ಆರಿಸಿಕೊಂಡು ಓದಿದ್ದೇನೆ, ಆ ಅಂಕಗಳೂ ಅದೇ ಪಟ್ಟಿಯಲ್ಲಿವೆ.

ನನ್ನ ಪ್ರಾಜೆಕ್ಟ್ ಮಾರ್ಗದರ್ಶಕರು ಮತ್ತು ಈಗ ನಾನು ಕೆಲಸ ಮಾಡುತ್ತಿರುವ ಪ್ರಯೋಗಾಲಯದ ಮುಖ್ಯಸ್ಥರು ಶಿಫಾರಸು ಪತ್ರಗಳನ್ನು ನೇರವಾಗಿ ಪೋರ್ಟಲ್‌ಗೆ ಕಳುಹಿಸುತ್ತಾರೆ. ವಿದ್ಯಾರ್ಥಿವೇತನಕ್ಕೆ ಬೇರೆಯಾಗಿ ಅರ್ಜಿ ಹಾಕಿದ್ದೇನೆ. ನಿಮ್ಮಲ್ಲಿ ಕೇಳಬೇಕಾದದ್ದು ಒಂದೇ: 2026ರಲ್ಲಿ ಸೇರುವ ವಿದ್ಯಾರ್ಥಿಗಳಲ್ಲಿ ಪ್ರಬಂಧಕ್ಕಾಗಿ ಹೊಸಬರನ್ನು ತೆಗೆದುಕೊಳ್ಳುವ ಉದ್ದೇಶ ನಿಮಗಿದೆಯೇ? ಇಲ್ಲವಾದರೆ, ವಿಭಾಗದಲ್ಲಿ ಇನ್ನಾರಿಗೆ ಬರೆಯುವುದು ಸೂಕ್ತ ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಪ್ರಾಜೆಕ್ಟ್ ವರದಿಯ ಪೂರ್ಣ ಪ್ರತಿಯನ್ನೂ, ಸೋತ ಕಂತಿನ ಅಂಕಿಅಂಶಗಳನ್ನೂ ಕೇಳಿದ ಕೂಡಲೇ ಕಳುಹಿಸುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,
ಮೇಘನಾ

ಸ್ವವಿವರ

ಶಿಕ್ಷಣ
ಬಿ.ಇ., ಸಿವಿಲ್ ಎಂಜಿನಿಯರಿಂಗ್, 2021–2025. ಒಟ್ಟು ಸರಾಸರಿ 10ಕ್ಕೆ 8.3. ಐಚ್ಛಿಕ ವಿಷಯಗಳು: ಕಾಂಕ್ರೀಟ್ ತಂತ್ರಜ್ಞಾನ, ಸಂಖ್ಯಾಶಾಸ್ತ್ರ, ಸಂಖ್ಯಾತ್ಮಕ ವಿಧಾನಗಳು.

ಅಂತಿಮ ವರ್ಷದ ಪ್ರಾಜೆಕ್ಟ್
ಮಧ್ಯಮ ಕಯೊಲಿನೈಟ್ ಅಂಶದ ಜೇಡಿಮಣ್ಣಿನಿಂದ ಎಲ್‌ಸಿ3 ಗಾರೆ: ಸುಡುವ ಶಾಖದ ಪರಿಣಾಮ ಮತ್ತು ಹರಿವಿನ ಇಳಿಕೆ. ಇಬ್ಬರ ತಂಡ. ಮಣ್ಣು ಸುಡುವುದು, ತೂಕ ನಷ್ಟದ ಅಳತೆ ಮತ್ತು ದತ್ತಾಂಶ ವಿಶ್ಲೇಷಣೆ ನನ್ನ ಪಾಲಿನವು. ಹರಿವಿನ ಪರೀಕ್ಷೆಗಳನ್ನು ಸಹಪಾಠಿಯೊಂದಿಗೆ ನಡೆಸಿದೆ. 50 ಮಿ.ಮೀ. ಘನಗಳನ್ನು 3, 7 ಮತ್ತು 28 ದಿನಗಳಲ್ಲಿ ಪರೀಕ್ಷಿಸಲಾಯಿತು.

ಉದ್ಯೋಗ
ಕಾಂಕ್ರೀಟ್ ಪರೀಕ್ಷಾ ಪ್ರಯೋಗಾಲಯದಲ್ಲಿ ಕಿರಿಯ ಎಂಜಿನಿಯರ್, ಆಗಸ್ಟ್ 2025ರಿಂದ. ಘನ ಪರೀಕ್ಷೆ, ಮರಳು-ಜಲ್ಲಿಗಳ ಜರಡಿ ವಿಶ್ಲೇಷಣೆ, ಉಪಕರಣಗಳ ಮಾಪನಾಂಕ ಪರಿಶೀಲನೆಯ ದಾಖಲೆ. (ಕೊನೆಯದನ್ನು ಯಾರೂ ಬಯಸಿ ತೆಗೆದುಕೊಳ್ಳುವುದಿಲ್ಲ, ಕುಲುಮೆಯ ಅನುಭವದ ನಂತರ ನಾನೇ ಕೇಳಿ ಪಡೆದುಕೊಂಡೆ.)

ಕೌಶಲಗಳು
ದತ್ತಾಂಶ ವಿಶ್ಲೇಷಣೆಗೆ ಪೈಥಾನ್, ರೇಖಾಚಿತ್ರಗಳಿಗೆ ಆಟೊಕ್ಯಾಡ್. ಟಿಜಿಎ ರೇಖೆಗಳನ್ನು ಓದಬಲ್ಲೆ, ಯಂತ್ರವನ್ನು ಸ್ವತಃ ನಡೆಸಿಲ್ಲ.

ಭಾಷೆಗಳು
ಕನ್ನಡ ಮಾತೃಭಾಷೆ. ಇಂಗ್ಲಿಷ್: ಐಇಎಲ್‌ಟಿಎಸ್ ಒಟ್ಟು 7.5, ಬರವಣಿಗೆಯಲ್ಲಿ 6.5.